ಎಷ್ಟು ಸಲ ನಷ್ಟ, ಎಷ್ಟು ದೊಡ್ಡ ನಷ್ಟ: ಷೇರನ್ನು ಇಪ್ಪತ್ತು ವರ್ಷ ಇಟ್ಟುಕೊಂಡರೆ ಏನಾಗುತ್ತದೆ?

ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್‌ಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್‌ಗಳಲ್ಲಿ ತೆರಿಗೆ ಉಳಿತಾಯದ ದಾಖಲೆ ಕೊಡುವ ಕಾಲ ಬಂತೆಂದರೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಎರಡು ಮೂರು ವರ್ಷಕ್ಕಾದರೆ ಷೇರು ಬೇಡ ಸರ್. ಹದಿನೈದು ವರ್ಷ ಮುಟ್ಟಲ್ಲ ಅಂದ್ರೆ ರಿಸ್ಕೇ ಇಲ್ಲ." ಪೀಣ್ಯದಲ್ಲಿ ಮಷಿನ್ ಶಾಪ್ ನಡೆಸುವವರಿಗೂ ಮ್ಯೂಚುವಲ್ ಫಂಡ್ ಏಜೆಂಟರು ಇದನ್ನೇ ಹೇಳುತ್ತಾರೆ. ಜೊತೆಗೆ ಒಂದು ಚಾರ್ಟನ್ನೂ ತೋರಿಸುತ್ತಾರೆ. ಒಂದು ವರ್ಷ ಇಟ್ಟವರಲ್ಲಿ ಇಷ್ಟು ಮಂದಿಗೆ ನಷ್ಟ, ಐದು ವರ್ಷ ಇಟ್ಟವರಲ್ಲಿ ಇನ್ನೂ ಕಡಿಮೆ ಮಂದಿಗೆ, ಹದಿನೈದು ವರ್ಷ ಇಟ್ಟವರಲ್ಲಿ ಯಾರಿಗೂ ಇಲ್ಲ.

ಆ ಚಾರ್ಟ್ ಸುಳ್ಳಲ್ಲ. ಆದರೆ ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ: ನಷ್ಟವಾಗುವ ಸಂಭವ ಎಷ್ಟು? ಇಪ್ಪತ್ತು ವರ್ಷದ ನಂತರ ಮಗಳ ಮದುವೆಗೋ ನಿವೃತ್ತಿಗೋ ದುಡ್ಡು ಬೇಕಿರುವವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಕೈಕೊಟ್ಟರೆ ಎಷ್ಟು ಕೈಕೊಡುತ್ತದೆ? ಕಾಲ ಕಳೆದಂತೆ ಮೊದಲನೆಯ ಪ್ರಶ್ನೆಯ ಉತ್ತರ ಹಿತವಾಗುತ್ತಾ ಹೋಗುತ್ತದೆ, ಎರಡನೆಯದರ ಉತ್ತರ ಕಹಿಯಾಗುತ್ತಾ ಹೋಗುತ್ತದೆ. ಎರಡೂ ಏಕಕಾಲಕ್ಕೆ ನಿಜ. ಹಣಕಾಸು ಶಾಸ್ತ್ರದವರು ಅರವತ್ತು ವರ್ಷದಿಂದ ವಾದ ಮಾಡುತ್ತಿರುವುದು ಇದರ ಸುತ್ತಲೇ.

ಮೊದಲು ನಮ್ಮ ಸೆನ್ಸೆಕ್ಸ್‌ನಲ್ಲೇ ನಡೆದದ್ದನ್ನು ನೋಡೋಣ.

1992ರ ಏಪ್ರಿಲ್ 22ರಂದು ಸೆನ್ಸೆಕ್ಸ್ 4,467ಕ್ಕೆ ಮುಟ್ಟಿತು. ಹರ್ಷದ್ ಮೆಹ್ತಾ ಹಗರಣ ಬಯಲಿಗೆ ಬರುವ ಹೊಸ್ತಿಲಿನ ಶಿಖರ ಅದು. ಆ ದಿನ ಒಬ್ಬರು 1 ಲಕ್ಷ ರೂಪಾಯಿಯನ್ನು ಸೂಚ್ಯಂಕದ ಷೇರುಗಳಲ್ಲೇ ಹಾಕಿದರು ಎಂದುಕೊಳ್ಳಿ. ಇನ್ನೊಬ್ಬರ ಪಿಎಫ್ ಖಾತೆಯಲ್ಲಿ ಅದೇ ಹೊತ್ತಿಗೆ 1 ಲಕ್ಷ ಇತ್ತು, ಅವರು ಅದನ್ನು ತೆಗೆಯದೆ ಹಾಗೇ ಬಿಟ್ಟರು. ಹನ್ನೊಂದು ವರ್ಷದ ನಂತರ, 2003ರ ಮಾರ್ಚ್ 31ಕ್ಕೆ, ಸೆನ್ಸೆಕ್ಸ್ 3,049ರಲ್ಲಿತ್ತು. ಷೇರಿನ 1 ಲಕ್ಷ 68 ಸಾವಿರವಾಗಿತ್ತು. ಪಿಎಫ್‌ಗೆ ತೊಂಬತ್ತರ ದಶಕದ ಉದ್ದಕ್ಕೂ ಶೇ 12ರ ಬಡ್ಡಿ ಇದ್ದುದರಿಂದ ಆ ಲಕ್ಷ ಮೂರು ಲಕ್ಷ ದಾಟಿತ್ತು. ಇಲ್ಲಿ ನಷ್ಟ ಕಣ್ಣಿಗೆ ಕಾಣುತ್ತದೆ, ಇದರ ಬಗ್ಗೆ ಯಾರಿಗೂ ತಕರಾರಿಲ್ಲ.

ಇನ್ನೂ ಕಾದಿದ್ದರೆ? 2012ರ ಮಾರ್ಚ್ ಕೊನೆಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ತುಂಬಿತು. ಸೆನ್ಸೆಕ್ಸ್ ಸುಮಾರು 17,400. ಷೇರಿನ ಲಕ್ಷ 3.9 ಲಕ್ಷವಾಗಿತ್ತು. ಡಿವಿಡೆಂಡನ್ನು ವರ್ಷಕ್ಕೆ ಶೇ 1.5ರಂತೆ ಸೇರಿಸಿಕೊಂಡು, ಅದನ್ನೂ ಮತ್ತೆ ಷೇರಿಗೇ ಹಾಕಿದ್ದರು ಎಂದು ಲೆಕ್ಕ ಹಿಡಿದರೆ 5.2 ಲಕ್ಷದ ಆಸುಪಾಸು. ಏಜೆಂಟರ ಚಾರ್ಟಿನಲ್ಲಿ ಇದು ಲಾಭದ ಪಟ್ಟಿಗೆ ಸೇರುತ್ತದೆ. ಅಸಲು ಐದು ಪಟ್ಟಾಗಿದೆ, ನಷ್ಟವೆಲ್ಲಿ? ಆದರೆ ಆ ಇಪ್ಪತ್ತು ವರ್ಷಗಳಲ್ಲಿ ವರ್ಷ ವರ್ಷ ಘೋಷಣೆಯಾದ ಪಿಎಫ್ ಬಡ್ಡಿಯನ್ನು ಚಕ್ರಬಡ್ಡಿಯಾಗಿ ಕಟ್ಟಿಕೊಂಡು ಹೋದರೆ ಪಿಎಫ್‌ನ ಲಕ್ಷ ಸುಮಾರು 7 ಲಕ್ಷವಾಗಿತ್ತು. ಏನೂ ಮಾಡದೆ ಸುಮ್ಮನಿದ್ದವರ ಕೈಯಲ್ಲಿ ಹೆಚ್ಚು ದುಡ್ಡಿತ್ತು. ಇಪ್ಪತ್ತು ವರ್ಷ ಕಾದ ಮೇಲೂ ಷೇರು ಹಿಡಿದವರು ಹಿಂದೆಯೇ ಉಳಿದಿದ್ದರು. ಹಾಗಿದ್ದೂ "ನಷ್ಟ" ಎಂಬ ಕಲಮಿನಲ್ಲಿ ಅವರ ಹೆಸರಿಲ್ಲ.

ಶಿಖರದ ದಿನವನ್ನೇ ಆರಿಸಿ ಲೆಕ್ಕ ಹಾಕಿದ್ದೀರಿ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಹಾಗಾದರೆ ತಗ್ಗಿನ ದಿನದಿಂದಲೂ ನೋಡೋಣ. 2003ರ ಮಾರ್ಚ್ 31ರಂದು ಅದೇ ಸೂಚ್ಯಂಕಕ್ಕೆ 1 ಲಕ್ಷ ಹಾಕಿದವರಿಗೆ 2023ರ ಮಾರ್ಚ್ 31ಕ್ಕೆ, ಸೆನ್ಸೆಕ್ಸ್ 58,992 ಇದ್ದಾಗ, ಡಿವಿಡೆಂಡ್ ಬಿಟ್ಟೇ 19 ಲಕ್ಷಕ್ಕೂ ಹೆಚ್ಚು ಸಿಕ್ಕಿತು. ಅದೇ ಅವಧಿಯಲ್ಲಿ ಪಿಎಫ್‌ನ ಲಕ್ಷ 5 ಲಕ್ಷ ಚಿಲ್ಲರೆ ಆಯಿತು. ಅದೇ ದೇಶ, ಅದೇ ಸೂಚ್ಯಂಕ, ಎರಡೂ ಕಡೆ ಇಪ್ಪತ್ತು ವರ್ಷ. ಶುರುವಾದ ದಿನದಲ್ಲಿ ಹನ್ನೊಂದು ವರ್ಷದ ವ್ಯತ್ಯಾಸ, ಅಷ್ಟೇ. ಒಬ್ಬರಿಗೆ 3.9 ಪಟ್ಟು, ಇನ್ನೊಬ್ಬರಿಗೆ 19 ಪಟ್ಟು. ದೀರ್ಘಕಾಲದಲ್ಲಿ ಎಲ್ಲವೂ ಸರಾಸರಿಗೆ ಬಂದು ನಿಲ್ಲುತ್ತದೆ ಎನ್ನುವುದಾದರೆ ಈ ಎರಡು ಅಂಕಿಗಳು ಹತ್ತಿರ ಹತ್ತಿರ ಇರಬೇಕಿತ್ತು.

ಸರಾಸರಿಗೆ ಬರುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಗೊಂದಲ ಹುಟ್ಟುವುದೂ ಅಲ್ಲೇ. ಸರಾಸರಿಗೆ ಹತ್ತಿರವಾಗುವುದು ವಾರ್ಷಿಕ ದರ. ಡಿವಿಡೆಂಡ್ ಬಿಟ್ಟು ನೋಡಿದರೆ ಮೊದಲಿನವರಿಗೆ ವರ್ಷಕ್ಕೆ ಶೇ 7, ಎರಡನೆಯವರಿಗೆ ಶೇ 16. ಒಂದು ವರ್ಷದ ಮಟ್ಟಿಗೆ ಷೇರು ಶೇ 50 ಇಳಿಯಲೂಬಹುದು, ಶೇ 80 ಏರಲೂಬಹುದು. ಅದರ ಪಕ್ಕದಲ್ಲಿ 7 ಮತ್ತು 16 ನೆಂಟರಂತೆಯೇ ಕಾಣುತ್ತವೆ. ಆದರೆ ಯಾರೂ ವಾರ್ಷಿಕ ದರವನ್ನು ತೆಗೆದುಕೊಂಡು ಹೋಗಿ ಮನೆ ಕೊಳ್ಳುವುದಿಲ್ಲ. ಕೊನೆಗೆ ಕೈಗೆ ಬರುವುದು ಮೊತ್ತ. ದರದಲ್ಲಿನ ಸಣ್ಣ ಅಂತರ ಇಪ್ಪತ್ತು ಸಲ ಗುಣಿಸಿಕೊಂಡಾಗ ಮೊತ್ತದಲ್ಲಿ ದೊಡ್ಡ ಅಂತರವಾಗುತ್ತದೆ. ದರದ ಅನಿಶ್ಚಿತತೆ ವರ್ಷಗಳ ವರ್ಗಮೂಲದಷ್ಟು ಕುಗ್ಗುತ್ತದೆ, ಮೊತ್ತದ ಅನಿಶ್ಚಿತತೆ ಅದೇ ವರ್ಗಮೂಲದಷ್ಟು ಹಿಗ್ಗುತ್ತದೆ. ಒಂದೇ ಗಣಿತ, ಎರಡು ಮುಖ.

ಇದನ್ನು ಒಂದು ಲೆಕ್ಕದಲ್ಲಿ ಹತ್ತಿರದಿಂದ ನೋಡೋಣ. ಅಂದಾಜುಗಳು ಹೀಗಿರಲಿ: ಷೇರು ನಡುಮಟ್ಟದಲ್ಲಿ ವರ್ಷಕ್ಕೆ ಶೇ 11ರಂತೆ ಬೆಳೆಯುತ್ತದೆ, ಅದರ ವಾರ್ಷಿಕ ಏರಿಳಿತ ಸುಮಾರು ಶೇ 20, ಭದ್ರವಾದ ದಾರಿಯಲ್ಲಿ ಶೇ 7 ಖಾತ್ರಿ. ಒಂದು ವರ್ಷದ ಆಟಕ್ಕೂ ಮುಂದಿನ ವರ್ಷದ ಆಟಕ್ಕೂ ಸಂಬಂಧವಿಲ್ಲ ಎಂದಿಟ್ಟುಕೊಳ್ಳೋಣ. ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಉದ್ಯೋಗಿಯ ಹತ್ತಿರ 10 ಲಕ್ಷ ಇದೆ.

ಮೊದಲು ಸಂಭವ. ಷೇರಿಗೆ ಹಾಕಿದ 10 ಲಕ್ಷ ಅಸಲಿಗಿಂತ ಕೆಳಗಿರುವ ಸಂಭವ ಒಂದು ವರ್ಷಕ್ಕೆ ನೂರಕ್ಕೆ 30. ಹತ್ತು ವರ್ಷಕ್ಕೆ 5. ಇಪ್ಪತ್ತು ವರ್ಷಕ್ಕೆ 1. ಏಜೆಂಟರ ಚಾರ್ಟ್ ಹೇಳುವುದು ಇದನ್ನೇ. ಅಳತೆಗೋಲನ್ನು ಸ್ವಲ್ಪ ಬಿಗಿ ಮಾಡಿ, ಷೇರು ಆ ಭದ್ರ ಶೇ 7ಕ್ಕಿಂತ ಹಿಂದೆ ಬೀಳುವ ಸಂಭವ ಎಷ್ಟು ಎಂದು ಕೇಳಿದರೆ ಒಂದು ವರ್ಷಕ್ಕೆ 43, ಹತ್ತು ವರ್ಷಕ್ಕೆ 28, ಇಪ್ಪತ್ತು ವರ್ಷಕ್ಕೆ 21, ಮೂವತ್ತು ವರ್ಷಕ್ಕೆ 16. ಇಳಿಯುತ್ತದೆ, ಆದರೆ ನಿಧಾನವಾಗಿ. ಮೂವತ್ತು ವರ್ಷ ಕಾದರೂ ಆರರಲ್ಲಿ ಒಬ್ಬರು ಭದ್ರ ದಾರಿ ಹಿಡಿದವರಿಗಿಂತ ಹಿಂದೆಯೇ ಇರುತ್ತಾರೆ.

ಈಗ ಗಾತ್ರ. ನೂರರಲ್ಲಿ ಕೊನೆಯ ಐವರ ಸಾಲಿನ ಅಂಚಿನಲ್ಲಿ ನಿಂತವರನ್ನು ನೋಡೋಣ. ಒಂದು ವರ್ಷದ ನಂತರ ಅವರ 10 ಲಕ್ಷ 8 ಲಕ್ಷವಾಗಿರುತ್ತದೆ, ಭದ್ರ ದಾರಿಯಲ್ಲಿ 10.7 ಲಕ್ಷ ಇರುತ್ತಿತ್ತು. ಕೊರತೆ 2.7 ಲಕ್ಷ. ಹತ್ತು ವರ್ಷದ ನಂತರ ಅವರ ಕೈಯಲ್ಲಿ 10 ಲಕ್ಷಕ್ಕಿಂತ ತುಸು ಹೆಚ್ಚು, ಭದ್ರ ದಾರಿಯಲ್ಲಿ 19.7 ಲಕ್ಷ. ಕೊರತೆ 9.6 ಲಕ್ಷ. ಇಪ್ಪತ್ತು ವರ್ಷದ ನಂತರ 18.5 ಲಕ್ಷ ಮತ್ತು 38.7 ಲಕ್ಷ. ಕೊರತೆ 20 ಲಕ್ಷ. ಹಣದುಬ್ಬರದಿಂದ ಮೊತ್ತಗಳು ಹಾಗೆ ಉಬ್ಬಿ ಕಾಣುತ್ತಿವೆ ಎನ್ನಬೇಡಿ, ಪ್ರಮಾಣದಲ್ಲೂ ನೋಡಿ. ಭದ್ರ ಮೊತ್ತದಲ್ಲಿ ಒಂದು ವರ್ಷಕ್ಕೆ ಕಾಲು ಭಾಗ ಹೋಗಿತ್ತು, ಇಪ್ಪತ್ತು ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಹೋಗಿದೆ. ನೂರರಲ್ಲಿ ಕಟ್ಟಕಡೆಯವರ ಸ್ಥಿತಿ ಇನ್ನೂ ಕೆಟ್ಟದ್ದು. ಒಂದು ವರ್ಷಕ್ಕೆ ಶೇ 35 ಕೊರತೆ, ಹತ್ತು ವರ್ಷಕ್ಕೆ ಶೇ 67, ಇಪ್ಪತ್ತಕ್ಕೆ ಶೇ 74, ಮೂವತ್ತಕ್ಕೆ ಶೇ 76.

ಆ ಐದನೆಯವರ ಇಪ್ಪತ್ತು ವರ್ಷವನ್ನು ವಾರ್ಷಿಕ ದರಕ್ಕೆ ತಿರುಗಿಸಿದರೆ ಶೇ 3.1 ಬರುತ್ತದೆ. "ತೀರಾ ಕೆಟ್ಟ ಕಾಲದಲ್ಲೂ ವರ್ಷಕ್ಕೆ ಮೂರು ಪರ್ಸೆಂಟ್ ಬಂದಿದೆ" ಎಂದು ಸ್ಲೈಡಿನಲ್ಲಿ ಬರೆದರೆ ಯಾರಿಗೂ ಎದೆ ಧಸಕ್ ಎನ್ನುವುದಿಲ್ಲ. 38.7 ಲಕ್ಷ ಬರಬೇಕಿದ್ದ ಜಾಗದಲ್ಲಿ 18.5 ಲಕ್ಷ ಎಂದು ಅದನ್ನೇ ಬರೆದರೆ ಎನ್ನುತ್ತದೆ.

ಇನ್ನೊಂದು ಪಕ್ಕವನ್ನೂ ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ನಡುಮಟ್ಟದ ಅದೃಷ್ಟದವರಿಗೆ ಇಪ್ಪತ್ತು ವರ್ಷದಲ್ಲಿ 10 ಲಕ್ಷ 80 ಲಕ್ಷ ದಾಟುತ್ತದೆ, ಭದ್ರ ದಾರಿಯವರ ಎರಡು ಪಟ್ಟಿಗಿಂತ ಹೆಚ್ಚು. ಷೇರು ಬೇಡ ಎಂದು ಈ ಲೆಕ್ಕ ಹೇಳುತ್ತಿಲ್ಲ. ಷೇರಿನ ಲಾಭ ಸಿಗುವುದು ರಿಸ್ಕ್ ಹೊತ್ತುಕೊಂಡದ್ದಕ್ಕೆ, ಕಾಲ ಆ ರಿಸ್ಕನ್ನು ತೊಳೆದುಹಾಕಿದ್ದಕ್ಕಲ್ಲ ಎಂದಷ್ಟೇ ಹೇಳುತ್ತಿದೆ.

ಈ ಮಾತನ್ನು ಮೊದಲು ಖಡಕ್ಕಾಗಿ ಹೇಳಿದವರು ಅಮೆರಿಕದ ಎಂಐಟಿಯ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್, 1963ರ ಒಂದು ಪ್ರಬಂಧದಲ್ಲಿ. ಊಟದ ಹೊತ್ತಿನಲ್ಲಿ ಅವರು ಸಹೋದ್ಯೋಗಿಗಳ ಮುಂದೆ ಒಂದು ಪಂದ್ಯ ಇಟ್ಟಿದ್ದರು. ನಾಣ್ಯ ಚಿಮ್ಮೋಣ, ನೀವು ಹೇಳಿದ್ದು ಬಿದ್ದರೆ ನಿಮಗೆ 200 ಡಾಲರ್, ಬೀಳದಿದ್ದರೆ ನೀವು ನನಗೆ 100 ಡಾಲರ್. ಒಬ್ಬರು, ಒಂದು ಸಲಕ್ಕಾದರೆ ಬೇಡ, ನೂರು ಸಲ ಆಡುವುದಾದರೆ ತಯಾರು ಎಂದರು. ನೂರು ಸಲ ಆಡಿದರೆ ಒಟ್ಟಾರೆ ಸೋಲುವ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ನಿಜ. ಆದರೆ ಸೋಲಬಹುದಾದ ಗರಿಷ್ಠ ಮೊತ್ತ 100 ಡಾಲರಿನಿಂದ 10,000 ಡಾಲರಿಗೆ ಹೋಯಿತು. ಒಂದು ಪಂದ್ಯ ಬೇಡ ಎನ್ನಿಸುವವರಿಗೆ, ಕೈಯಲ್ಲಿ ಎಷ್ಟೇ ದುಡ್ಡಿದ್ದರೂ ಹಾಗೇ ಅನ್ನಿಸುವುದಾದರೆ, ನೂರು ಪಂದ್ಯವೂ ಬೇಡವಾಗಬೇಕು ಎಂದು ಸ್ಯಾಮುಯೆಲ್ಸನ್ ಸಾಧಿಸಿ ತೋರಿಸಿದರು.

ಅವರ ವಾದದ ತಿರುಳು, ರಿಸ್ಕನ್ನು ಹಂಚುವುದು ಬೇರೆ, ಒಂದರ ಮೇಲೊಂದು ಪೇರಿಸುವುದು ಬೇರೆ. 10 ಲಕ್ಷವನ್ನು ಐವತ್ತು ಕಂಪನಿಗಳಿಗೆ ಹಂಚಿದರೆ ಒಂದೊಂದರ ಮೇಲೂ 20 ಸಾವಿರ ಮಾತ್ರ ಇರುತ್ತದೆ, ಒಂದು ಮುಳುಗಿದರೆ ಇನ್ನೊಂದು ಎತ್ತುತ್ತದೆ. ಇದು ಹಂಚಿಕೆ. ಇಪ್ಪತ್ತು ವರ್ಷ ಇಟ್ಟಾಗ ಹಾಗಾಗುವುದಿಲ್ಲ. ಮೊದಲ ವರ್ಷ ಇಡೀ 10 ಲಕ್ಷ ಕಣದಲ್ಲಿರುತ್ತದೆ, ಎರಡನೆಯ ವರ್ಷ ಉಳಿದದ್ದೂ ಬೆಳೆದದ್ದೂ ಎಲ್ಲ ಮತ್ತೆ ಕಣದಲ್ಲಿರುತ್ತದೆ. ಪ್ರತಿ ವರ್ಷವೂ ಇನ್ನೊಂದು ಪೂರ್ತಿ ಪಂದ್ಯ. ವರ್ಷಗಳ ಮೇಲೆ ದುಡ್ಡನ್ನು ಹಂಚಿದಂತೆ ಕಾಣುತ್ತದೆ, ನಡೆಯುವುದು ಪೇರಿಸುವುದು.

1995ರಲ್ಲಿ ಝ್ವಿ ಬೋಡಿ ಎಂಬ ಪ್ರಾಧ್ಯಾಪಕರು ಇದನ್ನು ಪರೀಕ್ಷಿಸಲು ಒಂದು ಚಂದದ ದಾರಿ ಹುಡುಕಿದರು. ನಮ್ಮ ಅಭಿಪ್ರಾಯ ಹಾಗಿರಲಿ, ಈ ರಿಸ್ಕಿಗೆ ಇನ್ಶೂರೆನ್ಸ್ ಮಾಡಿಸಲು ಎಷ್ಟು ಖರ್ಚಾಗುತ್ತದೆ ನೋಡೋಣ ಎಂದರು. ಷೇರು ಭದ್ರ ಬಡ್ಡಿಗಿಂತ ಹಿಂದೆ ಬಿದ್ದರೆ ಕೊರತೆಯನ್ನು ತುಂಬಿಕೊಡುವ ಕರಾರು, ಮಾರುಕಟ್ಟೆಯ ಭಾಷೆಯಲ್ಲಿ ಪುಟ್ ಆಪ್ಷನ್. ಕಾಲ ಕಳೆದಂತೆ ರಿಸ್ಕ್ ಕರಗುವುದಾದರೆ ಪ್ರೀಮಿಯಂ ಇಳಿಯಬೇಕು. ಆಪ್ಷನ್‌ಗಳಿಗೆ ಬೆಲೆ ಕಟ್ಟುವ ಪ್ರಸಿದ್ಧ ಬ್ಲ್ಯಾಕ್-ಶೋಲ್ಸ್ ಸೂತ್ರದಲ್ಲಿ ಶೇ 20ರ ಏರಿಳಿತ ಇಟ್ಟು ನೋಡಿದರೆ, 10 ಲಕ್ಷಕ್ಕೆ ಒಂದು ವರ್ಷದ ಪ್ರೀಮಿಯಂ ಸುಮಾರು 80 ಸಾವಿರ. ಹತ್ತು ವರ್ಷಕ್ಕೆ 2.48 ಲಕ್ಷ. ಇಪ್ಪತ್ತಕ್ಕೆ 3.45 ಲಕ್ಷ. ಮೂವತ್ತಕ್ಕೆ 4.16 ಲಕ್ಷ. ಏರುತ್ತಲೇ ಹೋಗುತ್ತದೆ. ಷೇರು ಸರಾಸರಿ ಎಷ್ಟು ಗಳಿಸುತ್ತದೆ ಎಂಬುದು ಈ ಸೂತ್ರದೊಳಗೆ ಬರುವುದೇ ಇಲ್ಲ, ಹಾಗಾಗಿ "ನಾನು ಶೇ 15 ನಂಬಿದ್ದೇನೆ" ಎಂದರೂ ಪ್ರೀಮಿಯಂ ಬದಲಾಗುವುದಿಲ್ಲ. ನಮ್ಮ ಎಕ್ಸ್‌ಚೇಂಜ್‌ಗಳಲ್ಲಿ ಇಪ್ಪತ್ತು ವರ್ಷದ ಪುಟ್ ಕೊಳ್ಳಲು ಸಿಗುವುದಿಲ್ಲ. ಇಲ್ಲಿ ಅದು ಅಳೆಯುವ ಸಾಧನ ಮಾತ್ರ.

ಬೋಡಿಯವರ ಲೆಕ್ಕದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅವರು ಇನ್ಶೂರೆನ್ಸ್ ಮಾಡಿಸಿದ್ದು ಅಸಲಿಗಲ್ಲ, ಭದ್ರ ಬಡ್ಡಿಯೂ ಸೇರಿದ ಮೊತ್ತಕ್ಕೆ. "ನನಗೆ ಹಾಕಿದ 10 ಲಕ್ಷ ವಾಪಸ್ ಬಂದರೆ ಸಾಕು" ಎನ್ನುವವರಿಗೆ ಪ್ರೀಮಿಯಂ ನಿಜಕ್ಕೂ ಇಳಿಯುತ್ತದೆ. ಅದೇ ಅಂದಾಜುಗಳಲ್ಲಿ ಒಂದು ವರ್ಷಕ್ಕೆ ಸುಮಾರು 49 ಸಾವಿರ ಇದ್ದದ್ದು ಇಪ್ಪತ್ತು ವರ್ಷಕ್ಕೆ ಸುಮಾರು 12 ಸಾವಿರಕ್ಕೆ ಬರುತ್ತದೆ. ಹಾಗಾದರೆ ಯಾರು ಸರಿ? ಯಾವುದನ್ನು ನಷ್ಟ ಎನ್ನುತ್ತೀರಿ ಎಂಬುದರ ಮೇಲೆ ನಿಂತಿದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಇಪ್ಪತ್ತು ವರ್ಷದ ನಂತರ ಬರುವ 10 ಲಕ್ಷಕ್ಕೆ ಇವತ್ತಿನ 3.8 ಲಕ್ಷದ ಸಾಮಾನು ಸಿಗುತ್ತದೆ. ಅಸಲು ವಾಪಸ್ ಬಂದದ್ದನ್ನು ನಷ್ಟವಲ್ಲ ಎನ್ನುವ ಚಾರ್ಟ್ ಅಳೆಯುವ ಕೋಲನ್ನೇ ಸವೆಯಲು ಬಿಟ್ಟಿದೆ. ನನ್ನ ಮಟ್ಟಿಗೆ, ದೀರ್ಘಕಾಲದ ಹೂಡಿಕೆಗೆ ಅಸಲನ್ನು ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ. ಪಿಎಫ್‌ನಲ್ಲಿ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದೇ ಸರಿಯಾದ ಕೋಲು, ಏಕೆಂದರೆ ಸಂಬಳದವರಿಗೆ ಆ ದಾರಿ ಯಾವತ್ತೂ ತೆರೆದೇ ಇದೆ.

ಇದರ ವಿರುದ್ಧ ನಿಲ್ಲುವ ಗಟ್ಟಿ ವಾದ ಒಂದಿದೆ. ಮೇಲಿನ ಲೆಕ್ಕದಲ್ಲಿ ಒಂದು ವರ್ಷಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದುಕೊಂಡೆವು. ನಿಜವಾದ ಮಾರುಕಟ್ಟೆಯಲ್ಲಿ ತೀರಾ ಇಳಿದ ಮೇಲೆ ಷೇರು ಅಗ್ಗವಾಗಿ ಮುಂದಿನ ವರ್ಷಗಳು ಚೆನ್ನಾಗಿರುತ್ತವೆ, ತೀರಾ ಏರಿದ ಮೇಲೆ ಸಪ್ಪೆಯಾಗುತ್ತವೆ ಎನ್ನುತ್ತಾರೆ ಜೆರೆಮಿ ಸೀಗೆಲ್ ಮತ್ತು ಅವರ ಪಕ್ಷದವರು. ಹಾಗಿದ್ದರೆ ದೀರ್ಘಕಾಲದ ಹರವು ನಮ್ಮ ಲೆಕ್ಕಕ್ಕಿಂತ ಕಿರಿದಾಗುತ್ತದೆ. ಅಮೆರಿಕದ ಎರಡು ಶತಮಾನದ ಅಂಕಿಗಳಲ್ಲಿ ಇದಕ್ಕೆ ಸ್ವಲ್ಪ ಆಧಾರವಿದೆ. ಆದರೆ 2012ರಲ್ಲಿ ಲ್ಯೂಬೋಸ್ ಪಾಸ್ಟರ್ ಮತ್ತು ರಾಬರ್ಟ್ ಸ್ಟ್ಯಾಂಬೊ ಇನ್ನೊಂದು ತಕ್ಕಡಿ ಮುಂದಿಟ್ಟರು. ಹೂಡಿಕೆದಾರನಿಗೆ ಮುಂದಿನ ಸರಾಸರಿ ಎಷ್ಟು ಎಂಬುದೇ ಗೊತ್ತಿಲ್ಲ, ಆ ಅಜ್ಞಾನ ಪ್ರತಿ ವರ್ಷವೂ ಒಂದೇ ದಿಕ್ಕಿಗೆ ಎಳೆಯುತ್ತದೆ, ಅದನ್ನು ಸೇರಿಸಿಕೊಂಡರೆ ದೀರ್ಘಕಾಲದ ರಿಸ್ಕ್ ಮತ್ತೆ ಮೇಲಕ್ಕೇ ಹೋಗುತ್ತದೆ ಎಂದರು. ನಮ್ಮ ಲೆಕ್ಕದಲ್ಲೇ ನೋಡಿ: ಶೇ 11 ಎಂದು ನಂಬಿದ್ದು ನಿಜದಲ್ಲಿ ಶೇ 8 ಆಗಿಬಿಟ್ಟರೆ ನಡುಮಟ್ಟದವರ 80 ಲಕ್ಷವೇ 46.6 ಲಕ್ಷಕ್ಕೆ ಇಳಿಯುತ್ತದೆ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರಿನ ತನ್ನ ಶಿಖರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಆ ಮೂವತ್ತನಾಲ್ಕು ವರ್ಷ ಯಾರ ಚಾರ್ಟಿನಲ್ಲೂ ಮುಂಚಿತವಾಗಿ ಇರಲಿಲ್ಲ.

ಹಾಗೆಂದು ಚಾರ್ಟಿನಲ್ಲಿ ಸಾವಿರಾರು ಉದಾಹರಣೆಗಳಿವೆಯಲ್ಲ ಎಂದು ಕೇಳಬಹುದು. ಅವು ಹೇಗೆ ಹುಟ್ಟುತ್ತವೆ ಎಂಬುದನ್ನು ತಿಳಿದಿರಬೇಕು. ಸೆನ್ಸೆಕ್ಸ್‌ನ ಲೆಕ್ಕ ಶುರುವಾಗುವುದು 1979ರಿಂದ. ಅಲ್ಲಿಂದ ದಿನಕ್ಕೊಂದರಂತೆ ಹದಿನೈದು ವರ್ಷದ ಅವಧಿಗಳನ್ನು ಕತ್ತರಿಸಿದರೆ ಸಾವಿರಗಟ್ಟಲೆ ಸಿಗುತ್ತವೆ. ಆದರೆ ಇವತ್ತು ಶುರುವಾಗುವ ಅವಧಿಗೂ ನಾಳೆ ಶುರುವಾಗುವ ಅವಧಿಗೂ ನಡುವೆ ಎರಡು ದಿನ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಒಂದರ ಮೇಲೊಂದು ಬೀಳದ ಹದಿನೈದು ವರ್ಷದ ಅವಧಿಗಳು ಇಡೀ ಇತಿಹಾಸದಲ್ಲಿ ಮೂರು ಮಾತ್ರ, ಇಪ್ಪತ್ತು ವರ್ಷದವು ಎರಡು. ಎರಡು ಉದಾಹರಣೆ ಇಟ್ಟುಕೊಂಡು "ಇದುವರೆಗೆ ಆಗಿಲ್ಲ" ಎನ್ನುವುದಕ್ಕೆ ಹೆಚ್ಚು ಬೆಲೆಯಿಲ್ಲ.

"ನಾನು ಒಂದೇ ಸಲ ಹಾಕುವುದಿಲ್ಲ, ಎಸ್‌ಐಪಿ ಮಾಡುತ್ತೇನೆ" ಎನ್ನುವವರಿಗೆ ಈ ವಿಷಯ ಬೇರೆ ರೂಪದಲ್ಲಿ ಎದುರಾಗುತ್ತದೆ. ತಿಂಗಳಿಗೆ 10 ಸಾವಿರದಂತೆ ಇಪ್ಪತ್ತು ವರ್ಷ ಕಟ್ಟಿದರೆ ಜೇಬಿನಿಂದ ಹೋಗುವುದು 24 ಲಕ್ಷ. ಶೇ 11ರಂತೆ ಬೆಳೆದರೆ ಸುಮಾರು 81 ಲಕ್ಷ. 2020ರ ಜನವರಿಯಲ್ಲಿ 42 ಸಾವಿರದ ಹತ್ತಿರ ಇದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 25,981ಕ್ಕೆ ಬಿದ್ದಿತ್ತು, ಹೆಚ್ಚುಕಡಿಮೆ ಶೇ 38. ಅಂಥದೇ ಕುಸಿತ ಎಸ್‌ಐಪಿಯ ಎರಡನೆಯ ವರ್ಷದ ಕೊನೆಗೆ ಬಂದರೆ ಗಂಟಿನಲ್ಲಿರುವ 2.66 ಲಕ್ಷದಲ್ಲಿ 1 ಲಕ್ಷ ಹೋಗುತ್ತದೆ, ಹತ್ತು ತಿಂಗಳ ಕಂತಿನಲ್ಲಿ ಅದನ್ನು ತುಂಬಿಕೊಳ್ಳಬಹುದು. ಅದೇ ಕುಸಿತ ಇಪ್ಪತ್ತನೆಯ ವರ್ಷದ ಕೊನೆಗೆ ಬಂದರೆ 81 ಲಕ್ಷದಲ್ಲಿ 31 ಲಕ್ಷ ಹೋಗುತ್ತದೆ. ಇಪ್ಪತ್ತು ವರ್ಷ ಕಟ್ಟಿದ ಎಲ್ಲ ಕಂತುಗಳನ್ನೂ ಮೀರಿದ ಮೊತ್ತ ಅದು. ತುಂಬಿಕೊಳ್ಳಬೇಕೆಂದರೆ ಇನ್ನೂ ಇಪ್ಪತ್ತೈದು ವರ್ಷಕ್ಕೂ ಹೆಚ್ಚಿನ ಕಂತು ಬೇಕು. ಎಸ್‌ಐಪಿಯಲ್ಲಿ ದೊಡ್ಡ ಮೊತ್ತ ಕಣದಲ್ಲಿರುವುದು ಕೊನೆಯ ಕೆಲವೇ ವರ್ಷ, ಆ ಕೆಲವು ವರ್ಷಗಳು ಹೇಗಿರುತ್ತವೆ ಎಂಬುದೇ ಕೊನೆಯ ಮೊತ್ತವನ್ನು ಬಹುಪಾಲು ನಿರ್ಧರಿಸುತ್ತದೆ.

ಹಾಗಾದರೆ ಚಿಕ್ಕ ವಯಸ್ಸಿನವರು ಹೆಚ್ಚು ಷೇರು ಇಟ್ಟುಕೊಳ್ಳಬೇಕು ಎಂಬ ಹಳೆಯ ಸಲಹೆ ಪೂರ್ತಿ ತಪ್ಪೇ? ತಪ್ಪಲ್ಲ, ಆದರೆ ಅದಕ್ಕೆ ಕಾರಣ ಬೇರೆ. ಬೋಡಿ, ರಾಬರ್ಟ್ ಮರ್ಟನ್ ಮತ್ತು ಇನ್ನೊಬ್ಬ ಸ್ಯಾಮುಯೆಲ್ಸನ್, ವಿಲಿಯಂ, 1992ರಲ್ಲಿ ಅದನ್ನು ವಿವರಿಸಿದರು. ಇಪ್ಪತ್ತೈದರ ವಯಸ್ಸಿನವರ ದೊಡ್ಡ ಆಸ್ತಿ ಬ್ಯಾಂಕಿನಲ್ಲಿಲ್ಲ, ಮುಂದೆ ದುಡಿಯಲಿರುವ ಸಂಬಳದಲ್ಲಿದೆ. ಷೇರು ಕೈಕೊಟ್ಟರೆ ಅವರು ಇನ್ನೆರಡು ವರ್ಷ ಹೆಚ್ಚು ದುಡಿಯಬಹುದು, ಹೆಚ್ಚು ಉಳಿಸಬಹುದು. ಆ ಸಂಬಳ ತಿಂಗಳು ತಿಂಗಳು ತಪ್ಪದೆ ಬರುವಂಥದ್ದಾದರೆ ಅದು ಬಾಂಡಿನ ಹಾಗೆ. ಬಾಂಡ್ ಆಗಲೇ ಇರುವವರು ಉಳಿದ ದುಡ್ಡನ್ನು ಷೇರಿಗೆ ಹಾಕುವುದರಲ್ಲಿ ಅರ್ಥವಿದೆ.

ಬೆಂಗಳೂರಿನ ಅಂಚಿನ ಈ ಮೂರು ಪ್ರದೇಶಗಳ ಜನ ನಿಂತು ಯೋಚಿಸಬೇಕಾದದ್ದು ಇಲ್ಲೇ. ಸರ್ಕಾರಿ ಶಾಲೆಯ ಮೇಷ್ಟರ ಸಂಬಳ ಬಾಂಡಿನಂಥದ್ದು. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಸಂಬಳ ಹಾಗಲ್ಲ. 2001ರ ಡಾಟ್‌ಕಾಂ ಕುಸಿತದಲ್ಲಿ, 2008–09ರಲ್ಲಿ ಷೇರು ಬಿದ್ದ ಹೊತ್ತಿನಲ್ಲೇ ಐಟಿಯಲ್ಲಿ ನೇಮಕಾತಿಯೂ ನಿಂತಿತು, ಕೆಲಸಗಳೂ ಹೋದವು. ಕೆಲವರ ಉಳಿತಾಯದ ದೊಡ್ಡ ಪಾಲು ತಾವು ಕೆಲಸ ಮಾಡುವ ಕಂಪನಿಯದೇ ಷೇರಿನಲ್ಲಿರುತ್ತದೆ. ಅಂಥವರ ಸಂಬಳವೂ ಷೇರೇ, ಉಳಿತಾಯವೂ ಷೇರೇ. ಪೀಣ್ಯದಲ್ಲಿ ಸ್ವಂತ ಶಾಪ್ ಇರುವವರ ಸ್ಥಿತಿ ಇನ್ನೂ ಬಿಗಿ. ವಾಹನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಘಟಕಕ್ಕೆ ಆರ್ಡರ್ ಕಡಿಮೆಯಾಗುವುದು, ಬಿಲ್ ದುಡ್ಡು ತಡವಾಗುವುದು, ಬ್ಯಾಂಕಿನವರು ಓಡಿ ಮಿತಿ ಇಳಿಸುವುದು, ಷೇರು ಬೀಳುವುದು ಎಲ್ಲ ಒಂದೇ ಸಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಶಟರ್ ಎಳೆದಾಗ, ಕೂಲಿ ಕೊಡಲು ಫಂಡ್ ಮಾರಬೇಕಾಗಿ ಬಂದವರು ಮಾರಿದ್ದು ತಳದ ಬೆಲೆಗೇ. ಇಪ್ಪತ್ತು ವರ್ಷ ಇಡುತ್ತೇನೆ ಎಂಬ ಯೋಜನೆ ಅವರದ್ದೂ ಇದ್ದಿರಬಹುದು. ಅಸಲಿ ಅವಧಿಯನ್ನು ನಿರ್ಧರಿಸಿದ್ದು ಮುಂದಿನ ಶನಿವಾರದ ಬಟವಾಡೆ.

ಇಷ್ಟೆಲ್ಲ ತಿಳಿದ ಮೇಲೆ ಮಾಡುವುದೇನು? ನನಗೆ ಸರಿ ಕಾಣುವ ದಾರಿ, ಶೇಕಡಾವಾರು ಎಷ್ಟು ಷೇರು ಎಂಬಲ್ಲಿಂದ ಶುರು ಮಾಡದೆ, ಎಷ್ಟಕ್ಕಿಂತ ಕಡಿಮೆಯಾದರೆ ಬದುಕು ಕೆಡುತ್ತದೆ ಎಂಬಲ್ಲಿಂದ ಶುರು ಮಾಡುವುದು. ಒಬ್ಬರ ಹತ್ತಿರ 15 ಲಕ್ಷ ಇದೆ, ಇಪ್ಪತ್ತು ವರ್ಷದ ನಂತರ ಏನೇ ಆದರೂ 40 ಲಕ್ಷ ಬೇಕೇ ಬೇಕು ಎಂದುಕೊಳ್ಳಿ. ಶೇ 7ರ ಭದ್ರ ದಾರಿಯಲ್ಲಿ 40 ಲಕ್ಷ ಆಗಲು ಇವತ್ತು 10.34 ಲಕ್ಷ ಬೇಕು. ಅದನ್ನು ಮೊದಲು ಪಕ್ಕಕ್ಕಿಡಿ. ಉಳಿದ 4.66 ಲಕ್ಷ ಇಂಡೆಕ್ಸ್ ಫಂಡಿಗೆ ಹೋಗಲಿ. ನಡುಮಟ್ಟದ ಅದೃಷ್ಟದಲ್ಲಿ ಅದು 37.6 ಲಕ್ಷವಾಗಿ ಒಟ್ಟು 77 ಲಕ್ಷ ದಾಟುತ್ತದೆ. ನೂರರಲ್ಲಿ ಕೊನೆಯ ಐವರ ಅಂಚಿನಲ್ಲಿದ್ದರೂ 48 ಲಕ್ಷದ ಮೇಲಿರುತ್ತದೆ. ಇಡೀ 15 ಲಕ್ಷವನ್ನು ಷೇರಿಗೆ ಹಾಕಿದ್ದರೆ ನಡುಮಟ್ಟದಲ್ಲಿ 1.2 ಕೋಟಿ ಬರುತ್ತಿತ್ತು, ಅದು ಆಕರ್ಷಕವೇ. ಆದರೆ ಕೊನೆಯ ಐವರ ಅಂಚಿನಲ್ಲಿ 27.8 ಲಕ್ಷ, ಕಟ್ಟಕಡೆಯವರಿಗೆ 15 ಲಕ್ಷ. 40 ಲಕ್ಷ ಬೇಕೇ ಬೇಕಾದವರಿಗೆ ಆ ಎರಡೂ ಸಾಲುವುದಿಲ್ಲ.

ಈ ಲೆಕ್ಕದ ದುರ್ಬಲ ಜಾಗ "ಭದ್ರ ಶೇ 7" ಎಂಬುದು. ಪಿಎಫ್ ಬಡ್ಡಿ ವರ್ಷ ವರ್ಷ ಘೋಷಣೆಯಾಗುತ್ತದೆ. 12 ಇದ್ದದ್ದು 2022ರ ಹೊತ್ತಿಗೆ 8.1ಕ್ಕೆ ಬಂದಿತ್ತು, ಮುಂದಿನ ಇಪ್ಪತ್ತು ವರ್ಷಕ್ಕೆ ಯಾರೂ ಖಾತ್ರಿ ಕೊಟ್ಟಿಲ್ಲ. ಕೇಂದ್ರ ಸರ್ಕಾರದ ದೀರ್ಘಾವಧಿ ಬಾಂಡ್‌ಗಳನ್ನು 2021ರ ನವೆಂಬರಿನಿಂದ ಆರ್‌ಬಿಐನ ರಿಟೇಲ್ ಡೈರೆಕ್ಟ್ ಖಾತೆಯಲ್ಲಿ ನೇರವಾಗಿ ಕೊಳ್ಳಬಹುದು. ಅಲ್ಲಿ ದರ ಗಟ್ಟಿ, ಆದರೆ ಆರು ತಿಂಗಳಿಗೊಮ್ಮೆ ಕೈಗೆ ಬರುವ ಬಡ್ಡಿಯನ್ನು ಆಗಿನ ದರಕ್ಕೆ ಮತ್ತೆ ಹೂಡಬೇಕು, ತೆರಿಗೆಯೂ ಇದೆ. ಹಾಗಾಗಿ ಪಕ್ಕಕ್ಕಿಡುವ ಮೊತ್ತವನ್ನು ಶೇ 6ಕ್ಕೆ ಲೆಕ್ಕ ಹಾಕುವುದು ಜಾಣತನ. ಶೇ 6ಕ್ಕೆ ಇಳಿಸಿದರೆ 40 ಲಕ್ಷಕ್ಕೆ ಬೇಕಾಗುವುದು 12.5 ಲಕ್ಷ, ಷೇರಿಗೆ ಉಳಿಯುವುದು ಎರಡೂವರೆ ಲಕ್ಷ. ಎರಡು ಮೂರು ವರ್ಷಕ್ಕೊಮ್ಮೆ ಈ ಭಾಗಾಕಾರವನ್ನು ಆಗಿನ ಬಡ್ಡಿ ದರ ಮತ್ತು ಉಳಿದ ವರ್ಷಗಳನ್ನಿಟ್ಟು ಮತ್ತೆ ಮಾಡಬೇಕು. ಷೇರಿನ ಪಾಲು ಚೆನ್ನಾಗಿ ಬೆಳೆದಿದ್ದ ವರ್ಷ ಅದರಿಂದಲೇ ಕೊರತೆಯನ್ನು ತುಂಬಿ ಭದ್ರ ಪಾಲಿಗೆ ಸೇರಿಸಬಹುದು. ಷೇರು ಬಿದ್ದಿರುವ ವರ್ಷ ತುಂಬುವುದು ಸಂಬಳದಿಂದ ಆಗಬೇಕು, ಅದಕ್ಕೇ ಆ ಸಂಬಳ ಯಾವ ಜಾತಿಯದ್ದು ಎಂಬುದನ್ನು ಮೊದಲೇ ನೋಡಿಕೊಂಡಿರಬೇಕು.